ದರ ಒಪ್ಪಂದ ನವೀಕರಣ: 2026 ಏಪ್ರಿಲ್ 1ರಿಂದ 2027 ಮಾರ್ಚ್ 31ರವರೆಗೆ

ಬ್ಯಾಡಗಿ, 27 ಫೆಬ್ರವರಿ 2026

ಮಾಲೀಕರಿಗೆ,
ಸಾಗಣೆ ಕಚೇರಿ, ಹುಬ್ಬಳ್ಳಿ

ಅಣ್ಣಾವರೇ, ನಮಸ್ಕಾರ.

ನಮ್ಮ ನಿಮ್ಮ ದರ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ವರ್ಷವೂ ನಮ್ಮ ಮಾಲು ನಿಮ್ಮ ಗಾಡಿಯಲ್ಲೇ ಹೋಗಬೇಕು ಅನ್ನುವುದು ನಮ್ಮ ಮನಸ್ಸು. ಆರು ವರ್ಷದ ಒಡನಾಟ ಇದು. ನಿಮ್ಮ ಹಳೆಯ ಡ್ರೈವರ್‌ಗಳಿಗೆ ನಮ್ಮ ಗೋದಾಮಿನ ಗೇಟು ತಿರುಗುವ ಅಳತೆ ಕೂಡ ಗೊತ್ತು. ಆದರೆ ಈ ಸಲ ಹಳೆಯ ಕಾಗದಕ್ಕೆ ತಾರೀಖು ಬದಲಿಸಿ ಸಹಿ ಹಾಕಲು ಆಗುವುದಿಲ್ಲ. ಬಾಡಿಗೆ ವರ್ಷಪೂರ್ತಿ ಒಂದೇ ಇರಬೇಕು, ಗಾಡಿ ಹೇಳಿದ ಹೊತ್ತಿಗೆ ಬರಬೇಕು. ಇವೆರಡನ್ನೂ ಕಾಗದದ ಮೇಲೆ ಗಟ್ಟಿ ಮಾಡಿಕೊಳ್ಳೋಣ.

ಮೊದಲು ಬಾಡಿಗೆ. 2025ರ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಮೇಲಿನ ತೆರಿಗೆ ಶೇ 21.17ಕ್ಕೆ ಏರಿತು. ಲೀಟರಿಗೆ ಸುಮಾರು 2 ರೂಪಾಯಿ ಜಾಸ್ತಿಯಾಯಿತು. ಮರುವಾರದಿಂದಲೇ ನಿಮ್ಮ ಬಿಲ್ಲಿನಲ್ಲಿ ಬೆಂಗಳೂರು ಗಾಡಿಗೆ 900 ರೂಪಾಯಿ ಸೇರಿತು. ಲೆಕ್ಕ ನೋಡಿ. ಇಲ್ಲಿಂದ ಬೆಂಗಳೂರಿಗೆ ಸುಮಾರು 340 ಕಿ.ಮೀ. ಲೀಟರಿಗೆ 6 ಕಿ.ಮೀ. ಹಿಡಿದರೂ 57 ಲೀಟರ್. 2 ರೂಪಾಯಿ ಏರಿಕೆಗೆ 114 ರೂಪಾಯಿ ಆಯಿತು. ಗಾಡಿ ಖಾಲಿ ವಾಪಸ್ ಬಂತು ಅಂತಲೇ ಇಟ್ಟುಕೊಂಡರೂ 228. ಉಳಿದದ್ದು ಯಾವುದಕ್ಕೆ ಅಂತ ಕೇಳಿದರೆ ಆಫೀಸಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸೀಸನ್‌ನಲ್ಲಿ ಇದು ಇನ್ನೂ ಕಷ್ಟ. ಸೋಮವಾರ, ಗುರುವಾರ ಮಾರ್ಕೆಟ್ಟಿಗೆ ಮೆಣಸಿನಕಾಯಿ ತುಂಬಿ ಬಂದಾಗ ಊರಲ್ಲಿ ಗಾಡಿ ಸಿಗುವುದಿಲ್ಲ. ಹೊರಗಿನ ವ್ಯಾಪಾರಿ ಎರಡು ಸಾವಿರ ಜಾಸ್ತಿ ಕೊಟ್ಟರೆ ನಮಗೆ ಅಂತ ಹೇಳಿದ್ದ ಗಾಡಿ ಅತ್ತ ಹೋಗುತ್ತದೆ. ನಾವು ವರ್ಷದ ಹನ್ನೆರಡು ತಿಂಗಳೂ ಲೋಡ್ ಕೊಡುವವರು, ಅಲ್ವಾ?

ಹಾಗಾಗಿ 5 ಟನ್‌ನ 17 ಅಡಿ ಗಾಡಿಗೆ, ತಾಡಪಾಲು, ಟೋಲ್, ಡ್ರೈವರ್ ಭತ್ಯೆ, ಘಾಟಿನ ಖರ್ಚು ಎಲ್ಲ ಸೇರಿ, ನಾವು ಕೇಳುವ ದರ ಇಷ್ಟು:

ಬೆಂಗಳೂರು (ಯಶವಂತಪುರ) – 13,500 ರೂ.
ಮೈಸೂರು – 16,500 ರೂ.
ಮಂಗಳೂರು – 14,800 ರೂ.
ಕಲಬುರಗಿ – 16,800 ರೂ.
ಬಿಡಿ ಮಾಲು, 25 ಕೆ.ಜಿ. ಚೀಲಕ್ಕೆ, ಈ ನಾಲ್ಕರಲ್ಲಿ ಯಾವ ಊರಿಗಾದರೂ – 78 ರೂ.

ಇದು ಈಗಿನ ದರಕ್ಕಿಂತ ಸರಾಸರಿ ಶೇ 3 ಜಾಸ್ತಿ. ಟೈರು, ಇನ್ಶೂರೆನ್ಸ್, ಡ್ರೈವರ್ ಸಂಬಳ ನಿಮಗೂ ಏರಿದೆ ಅಂತ ತಿಳಿದೇ ಸೇರಿಸಿದ್ದೇವೆ. ನಮ್ಮ ಕಡೆ ತುಂಬುವ ಹಮಾಲಿ ನಮ್ಮದು, ಅಲ್ಲಿ ಇಳಿಸುವ ಹಮಾಲಿ ಪಾರ್ಟಿಯದು. ಡ್ರೈವರ್ ಕೈಗೆ ಯಾರೂ ಏನೂ ಕೊಡುವಂತಿಲ್ಲ, ಅವನೂ ಕೇಳುವಂತಿಲ್ಲ. ಜಿಎಸ್‌ಟಿ ಈಗಿನಂತೆ ರಿವರ್ಸ್ ಚಾರ್ಜ್‌ನಲ್ಲಿ ಶೇ 5 ನಾವೇ ಕಟ್ಟುತ್ತೇವೆ.

ಡೀಸೆಲ್ ವಿಷಯದಲ್ಲಿ ನಿಮ್ಮ ಮೇಲೆ ಎಲ್ಲ ಭಾರ ಹೊರಿಸುವುದಿಲ್ಲ. ಮಾರ್ಚ್ 31ರ ಸಂಜೆ ಹಾವೇರಿ ಬಂಕಿನಲ್ಲಿ ಇರುವ ದರವನ್ನು ಇಬ್ಬರೂ ಬರೆದಿಟ್ಟುಕೊಳ್ಳೋಣ. ಅದರಿಂದ 5 ರೂಪಾಯಿವರೆಗೆ ಏರಿದರೂ ಇಳಿದರೂ ಬಾಡಿಗೆ ಬದಲಾಗುವುದಿಲ್ಲ. ಅದಕ್ಕಿಂತ ಮೀರಿದರೆ, ಮೀರಿದ ಪ್ರತಿ ರೂಪಾಯಿಗೆ ಬಾಡಿಗೆಯ ಶೇ 0.4 ಸೇರಲಿ. ಇಳಿದರೆ ಅಷ್ಟೇ ಕಳೆಯಲಿ. ಬೆಂಗಳೂರು ಗಾಡಿಗೆ ಇದು 54 ರೂಪಾಯಿ ಆಗುತ್ತದೆ. ಮೇಲಿನ ಲೀಟರ್ ಲೆಕ್ಕಕ್ಕೆ ಸರಿಹೊಂದುತ್ತದೆ.

ಇನ್ನು ಮಳೆಯ ಮಾತು. ಕಳೆದ ಜುಲೈನಲ್ಲಿ ಮಂಗಳೂರಿಗೆ ಹೋದ ಗಾಡಿಯ ಫೋಟೋ ನಿಮಗೆ ಕಳಿಸಿದ್ದೆ. ತಾಡಪಾಲಿನಲ್ಲಿ ಅಂಗೈ ಅಗಲದ ತೂತು. ಅದರ ಕೆಳಗಿದ್ದ 14 ಚೀಲ ನೆನೆದು ಗಾಡಿಯ ಹಲಗೆ ಮೇಲೆ ಕೆಂಪು ನೀರು ಹರಿದಿತ್ತು. ಖಾರದ ಪುಡಿಗೆ ತೇವ ತಾಗಿದರೆ ಒಣಗಿಸಿ ಮಾರುವ ದಾರಿಯಿಲ್ಲ. ಗಂಟು ಕಟ್ಟುತ್ತದೆ, ಬಣ್ಣ ಹೋಗುತ್ತದೆ, ಬೂಸು ಹಿಡಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಜನ ಕೊಳ್ಳುವುದೇ ಬಣ್ಣಕ್ಕೆ. ಆ ಪಾರ್ಟಿ 200 ಚೀಲವನ್ನೂ ಬಿಚ್ಚಿ ನೋಡಿದರು, ನಮ್ಮ ಹುಡುಗ ಎರಡು ದಿನ ಅಲ್ಲೇ ನಿಂತ. ಪರಿಹಾರ ಕೇಳಿದಾಗ ನಿಮ್ಮ ಆಫೀಸಿನವರು ಬಿಲ್ಟಿ ಮೇಲಿನ ‘ಓನರ್ಸ್ ರಿಸ್ಕ್’ ಸೀಲು ತೋರಿಸಿದರು. ನನಗೆ ತುಂಬಾ ನೋವಾಯಿತು ಅಂತ ನೇರವಾಗಿಯೇ ಹೇಳುತ್ತೇನೆ.

ಮುಂದೆ ನಮ್ಮ ಬಿಲ್ಟಿ ಮೇಲೆ ಆ ಸೀಲು ಬೇಡ. ‘ಕ್ಯಾರಿಯರ್ಸ್ ರಿಸ್ಕ್’ ಅಂತಲೇ ಬರೆಯಬೇಕು, ಮಾಲಿನ ಇನ್‌ವಾಯ್ಸ್ ಬೆಲೆಯನ್ನೂ ಅದರಲ್ಲೇ ನಮೂದಿಸಬೇಕು. ನೆನೆದ, ಹರಿದ, ಕಡಿಮೆ ಬಂದ ಚೀಲಕ್ಕೆ ಇನ್‌ವಾಯ್ಸ್ ಬೆಲೆಯನ್ನು 30 ದಿನದೊಳಗೆ ಕೊಡಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಎರಡು ಪದರ ತಾಡಪಾಲು ಕಡ್ಡಾಯ. ತುಂಬುವ ಮೊದಲು ನಮ್ಮ ಗೋದಾಮಿನವರು ಹಲಗೆ ಮುಟ್ಟಿ ನೋಡುತ್ತಾರೆ. ಒದ್ದೆಯಿದ್ದರೆ, ಗೊಬ್ಬರದ ಅಥವಾ ಸೀಮೆಎಣ್ಣೆಯ ವಾಸನೆ ಇದ್ದರೆ ಗಾಡಿ ವಾಪಸ್.

ಸಮಯದ ಮಾತು ಬೆಂಗಳೂರಿಗೆ ಎಲ್ಲಕ್ಕಿಂತ ಮುಖ್ಯ. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ನಗರದೊಳಗೆ ಸರಕು ಗಾಡಿಗೆ ನಿರ್ಬಂಧ ಇದೆ. ಗಾಡಿ ಇಲ್ಲಿಂದ ಸಂಜೆ 7ಕ್ಕೆ ಬಿಟ್ಟರೆ ಬೆಳಗಿನ ಜಾವ 5ಕ್ಕೆ ಯಶವಂತಪುರ ಸೇರುತ್ತದೆ. 10ಕ್ಕೆ ಬಿಟ್ಟರೆ ಹೊರಗೆ ನಿಂತು ಅರ್ಧ ದಿನ ಹೋಗುತ್ತದೆ. ಆದ್ದರಿಂದ ನಾವು ಹಿಂದಿನ ದಿನ ಮಧ್ಯಾಹ್ನ 12ರೊಳಗೆ ಲೋಡ್ ಹೇಳುತ್ತೇವೆ, ಗಾಡಿ ಸಂಜೆ 4ಕ್ಕೆ ನಮ್ಮ ಗೇಟಿನಲ್ಲಿರಬೇಕು. ಬಾರದಿದ್ದರೆ ನಾವು ಹೊರಗಿನ ಗಾಡಿ ಹಿಡಿಯುತ್ತೇವೆ, ಹೆಚ್ಚಾದ ಬಾಡಿಗೆ ನಿಮ್ಮ ಬಿಲ್ಲಿನಲ್ಲಿ ಕಳೆಯುತ್ತೇವೆ. ಬೆಂಗಳೂರು, ಮಂಗಳೂರಿಗೆ ಮರುದಿನ, ಮೈಸೂರು, ಕಲಬುರಗಿಗೆ 36 ಗಂಟೆಯೊಳಗೆ ಮಾಲು ಮುಟ್ಟಬೇಕು. ನಿಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ ಬಾಡಿಗೆಯ ಶೇ 5 ಕಡಿತ. ಘಾಟಿನಲ್ಲಿ ಗುಡ್ಡ ಕುಸಿದರೆ, ಮುಷ್ಕರವಾದರೆ ಕಡಿತ ಇಲ್ಲ. ಆದರೆ ಎರಡು ಗಂಟೆಯೊಳಗೆ ಒಂದು ಫೋನ್ ಬರಬೇಕು. ಪಾರ್ಟಿ ಕೇಳುವ ಮೊದಲೇ ನಮಗೆ ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಇನ್ನೊಂದು, ನಮ್ಮ ಪೂರ್ತಿ ಲೋಡ್ ಗಾಡಿಯನ್ನು ತುಮಕೂರಿನಲ್ಲಿ ನಿಲ್ಲಿಸಿ ಬೇರೆಯವರ ಮಾಲು ಹತ್ತಿಸುವುದು ಬೇಡ. ಇ-ವೇ ಬಿಲ್ಲಿಗೆ 200 ಕಿ.ಮೀ.ಗೆ ಒಂದು ದಿನದ ಅವಧಿ ಅಷ್ಟೇ. ಅವಧಿ ಮುಗಿದು ಚೆಕಿಂಗ್‌ನಲ್ಲಿ ಸಿಕ್ಕಿದರೆ ದಂಡ ಬೀಳುತ್ತದೆ, ಮಾಲೂ ನಿಲ್ಲುತ್ತದೆ. ತಡವಾಗುವಂತಿದ್ದರೆ ಅವಧಿ ವಿಸ್ತರಿಸುವ ಜವಾಬ್ದಾರಿ ನಿಮ್ಮ ಆಫೀಸಿನದು.

ಇಷ್ಟೆಲ್ಲ ಕೇಳಿ ನಾವು ಸುಮ್ನೆ ಕೂರುವುದಿಲ್ಲ. ತಿಂಗಳಿಗೆ ಕಡಿಮೆ ಅಂದರೂ 16 ಪೂರ್ತಿ ಲೋಡ್ ಕೊಡುತ್ತೇವೆ. ಕಡಿಮೆಯಾದರೆ ಕಡಿಮೆಯಾದ ಪ್ರತಿ ಲೋಡಿಗೆ 1,500 ರೂಪಾಯಿ ನಾವು ಕೊಡುತ್ತೇವೆ. ಗಾಡಿ ನಮ್ಮ ಗೇಟಿಗೆ ಬಂದು 4 ಗಂಟೆಯಲ್ಲಿ ತುಂಬದಿದ್ದರೆ ಮುಂದಿನ ಪ್ರತಿ ಗಂಟೆಗೆ 150 ರೂಪಾಯಿ ಕಾಯುವಿಕೆ ಹಣ. ಕಳೆದ ದೀಪಾವಳಿ ಹೊತ್ತಿಗೆ ನಿಮ್ಮ ಬಿಲ್ಲುಗಳು ನಮ್ಮಲ್ಲಿ 40 ದಿನ ಕೂತವು. ಅದು ನಮ್ಮ ತಪ್ಪು, ಕ್ಷಮೆ ಇರಲಿ. ಇನ್ನು ಮುಂದೆ ಪಾರ್ಟಿಯ ಸಹಿ, ಸೀಲು ಇರುವ ಬಿಲ್ಟಿ ಪ್ರತಿ ಬಂದ 15 ದಿನದೊಳಗೆ ಹಣ ನಿಮ್ಮ ಖಾತೆಗೆ. ತಡವಾದರೆ ತಿಂಗಳಿಗೆ ಶೇ 1.5 ಬಡ್ಡಿ ಕೊಡುತ್ತೇವೆ. ನೀವು ಆ ಪ್ರತಿಯನ್ನು ಮಾಲು ಮುಟ್ಟಿದ 7 ದಿನದೊಳಗೆ ಕಳಿಸಿಕೊಡಿ.

ಯಾವುದಾದರೂ ದರ ನಿಮಗೆ ಕೂಡಿಬರದಿದ್ದರೆ ಲೆಕ್ಕದ ಸಮೇತ ಬರೆದು ಕಳಿಸಿ, ಕೂತು ನೋಡೋಣ. ಮಾರ್ಚ್ 10ರ ಮಂಗಳವಾರ ಬೆಳಗ್ಗೆ 11ಕ್ಕೆ ನೀವೇ ಬ್ಯಾಡಗಿಗೆ ಬರಲು ಆದರೆ ಒಳ್ಳೆಯದು. ಅಂದು ಮಾರ್ಕೆಟ್ ಗದ್ದಲ ಇರುವುದಿಲ್ಲ. ಬರುವಾಗ ನಿಮ್ಮ ಬುಕಿಂಗ್ ಆಫೀಸಿನವರನ್ನೂ ಕರೆತನ್ನಿ, ದಿನಾ ಫೋನಿನಲ್ಲಿ ಮಾತಾಡುವವರು ಅವರೇ. ಕರಡು ಒಪ್ಪಂದ ತಯಾರಿದೆ. 19ನೇ ತಾರೀಖು ಯುಗಾದಿ, ಅಷ್ಟರೊಳಗೆ ಸಹಿ ಮುಗಿಸೋಣ.

ಇಂತಿ ವಿಶ್ವಾಸದ,
ಡಿಸ್ಪ್ಯಾಚ್ ಮ್ಯಾನೇಜರ್
ಮಸಾಲೆ ಪುಡಿ ಘಟಕ, ಮೋಟೆಬೆನ್ನೂರು ರಸ್ತೆ, ಬ್ಯಾಡಗಿ