ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ವರ್ಚುವಲ್ ಮಷಿನ್ ಬಳಕೆಗೆ ಅನುಮತಿ ಕೋರಿ

ಇವರಿಗೆ,
ಮುಖ್ಯಸ್ಥರು, ಐಟಿ ವಿಭಾಗ

ಮಾನ್ಯರೇ,

ನಾನು ಐದನೇ ಸೆಮಿಸ್ಟರ್ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ. ಈ ಬಾರಿ ನಾವು ಲಿನಕ್ಸ್ ಕರ್ನಲ್ ಮಾಡ್ಯೂಲ್‌ಗಳನ್ನು ಬರೆಯಬೇಕಿದೆ. ಅವನ್ನು ಲೋಡ್ ಮಾಡಲು ರೂಟ್ ಅಧಿಕಾರ ಬೇಕು. ಕೋಡ್‌ನಲ್ಲಿ ಒಂದು ಪಾಯಿಂಟರ್ ತಪ್ಪಿದರೂ ಇಡೀ ಯಂತ್ರವೇ ಸ್ತಬ್ಧವಾಗಬಹುದು. ಲ್ಯಾಬ್ ಯಂತ್ರದಲ್ಲೇ ಲಿನಕ್ಸ್ ಹಾಕಿ ಅದರ ರೂಟ್ ಪಾಸ್‌ವರ್ಡ್ ಅನ್ನು ನಮಗೆ ಕೊಡಿ ಎಂದು ಕೇಳುವ ಧೈರ್ಯ ನನಗಿಲ್ಲ, ಕೊಡುವುದೂ ಸರಿಯಲ್ಲ. ವರ್ಚುವಲ್ ಮಷಿನ್ ಇದ್ದರೆ ಕೆಡುವುದು ಅದರೊಳಗಿನ ಲಿನಕ್ಸ್ ಮಾತ್ರ. ಸ್ನ್ಯಾಪ್‌ಶಾಟ್‌ಗೆ ಮರಳಿದರೆ ಮತ್ತೆ ಮೊದಲಿನಂತಾಗುತ್ತದೆ.

ಎರಡನೇ ಲ್ಯಾಬಿನ ಯಂತ್ರಗಳಲ್ಲಿ ವರ್ಚುವಲ್‌ಬಾಕ್ಸ್ ಆಗಲೇ ಇದೆ, ಆದರೆ ಚಾಲನೆ ಮಾಡಿದರೆ ಈ ದೋಷ ಬರುತ್ತದೆ:

```
VERR_VMX_MSR_ALL_VMX_DISABLED
```

ಬಯಾಸ್‌ನಲ್ಲಿ ವಿಟಿ-ಎಕ್ಸ್ ಅನ್ನು ನಿಷ್ಕ್ರಿಯಗೊಳಿಸಿರುವುದೇ ಕಾರಣ. ಬಯಾಸ್ ಪಾಸ್‌ವರ್ಡ್ ತಮ್ಮಲ್ಲಿರುವುದರಿಂದ ತಾವೇ ಅದನ್ನು ಸಕ್ರಿಯಗೊಳಿಸಬೇಕು.

ಯಂತ್ರಗಳಲ್ಲಿ 8 ಜಿಬಿ ರ‍್ಯಾಮ್ ಇದೆ. ನಮಗೆ 2 ಜಿಬಿ ಸಾಕು. ಕಾಲೇಜಿನ ನೆಟ್‌ವರ್ಕ್ ಬಗ್ಗೆ ತಮಗೆ ಆತಂಕವಿದ್ದರೆ ಬ್ರಿಡ್ಜ್ ಸಂಪರ್ಕ ಬೇಡ, ನ್ಯಾಟ್ ಸಾಕು. ಅದೂ ಬೇಡವೆಂದರೆ ನೆಟ್‌ವರ್ಕ್ ಇಲ್ಲದೆಯೇ ಕೆಲಸ ಮಾಡುತ್ತೇವೆ. ಡಿಸ್ಕ್ ಫೈಲ್‌ಗಳನ್ನು ಡಿ ಡ್ರೈವ್‌ನಲ್ಲಿ ಇಡಲು ಮಾತ್ರ ಅವಕಾಶ ಬೇಕು, ಏಕೆಂದರೆ ಸಿ ಡ್ರೈವ್‌ನಲ್ಲಿ ಉಳಿಸಿದ್ದು ಪ್ರತಿ ರೀಸ್ಟಾರ್ಟ್‌ಗೂ ಅಳಿಸಿಹೋಗುತ್ತದೆ.

ಮೊದಲು ಹತ್ತು ಯಂತ್ರಗಳಲ್ಲಿ ಪ್ರಯತ್ನಿಸಿದರೂ ಸಾಕು. ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುತ್ತದೆ. ಸಹಾಯಕ್ಕೆ ನಾವು ನಾಲ್ವರು ಬರುತ್ತೇವೆ.

ತಮ್ಮ ವಿಶ್ವಾಸಿ,
ಸುಮಾ
ಐದನೇ ಸೆಮಿಸ್ಟರ್, ಬಿ ವಿಭಾಗ