ಅಧ್ಯಾಯ 7: ಕಲಿತ ಪಾಠಗಳು ಮತ್ತು ಪ್ರಾಜೆಕ್ಟ್ ಮುಕ್ತಾಯದ ಪಟ್ಟಿ

ಪ್ರಾಜೆಕ್ಟ್: ಕಪ್ಪು ಮಣ್ಣಿನ ತೊಗರಿ ಹೊಲದಲ್ಲಿ ತೇವ ಅಳೆದು, ನೀರು ಬಿಡುವ ಹೊತ್ತನ್ನು ರೈತರ ಫೋನಿಗೆ ತಿಳಿಸುವ ವ್ಯವಸ್ಥೆ
ಜಾಗ: ಆಳಂದ ತಾಲ್ಲೂಕಿನ ಒಂದು ಡ್ರಿಪ್ ಹೊಲ, ಮತ್ತು ಕಲಬುರಗಿಯ ನಮ್ಮ ಕಾಲೇಜಿನ ಲ್ಯಾಬ್
ಅವಧಿ: 7 ಮತ್ತು 8ನೇ ಸೆಮಿಸ್ಟರ್

7.1 ಕಲಿತ ಪಾಠಗಳು

ಮಣ್ಣು ಬಿರುಕು ಬಿಟ್ಟಾಗ ಸೆನ್ಸರ್ ಸುಳ್ಳು ಹೇಳುತ್ತದೆ

ಈ ಪ್ರಾಜೆಕ್ಟಿನಲ್ಲಿ ನಮಗೆ ಸಿಕ್ಕ ದೊಡ್ಡ ಪಾಠ ಇದೇ. ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ನಾವು ಹಾಕಿದ್ದು ಕೆಪಾಸಿಟಿವ್ ಸೆನ್ಸರ್. ಅದರ ಪಟ್ಟಿಗೆ ಮಣ್ಣು ಒತ್ತಿಕೊಂಡಿದ್ದರೆ ಮಾತ್ರ ಅಳತೆ ಸರಿ. ನವೆಂಬರಿನಲ್ಲಿ ಮಳೆ ನಿಂತ ಮೇಲೆ ಹೊಲದಲ್ಲಿಟ್ಟ ಅಳತೆ ಡಬ್ಬಿಗಳಲ್ಲಿ, ಅಂದರೆ ನೋಡ್‌ಗಳಲ್ಲಿ, 2ನೆಯದು ಇದ್ದಕ್ಕಿದ್ದಂತೆ "ಪೂರ್ತಿ ಒಣ" ಎಂದು ತೋರಿಸತೊಡಗಿತು. ಅದೇ ಸಾಲಿಗೆ ಹಿಂದಿನ ರಾತ್ರಿ ನೀರು ಬಿಟ್ಟಿದ್ದರು! ಕೋಡ್ ನೋಡಿದೆವು, ವೈರ್ ನೋಡಿದೆವು, ಎಲ್ಲ ಸರಿ ಇತ್ತು. ಹೊಲದ ಕಾಕಾ ಬಂದು ಸೆನ್ಸರಿನ ಪಕ್ಕದ ಸೀಳಿನೊಳಗೆ ಎರಡು ಬೆರಳು ಇಳಿಸಿ ತೋರಿಸಿದರು: "ನೋಡ್ರಪ್ಪಾ, ಮಣ್ಣು ಬಾಯಿ ಬಿಟ್ಟದ. ನಿಮ್ಮ ಕಡ್ಡಿ ಗಾಳ್ಯಾಗ ನಿಂತದ."

ಆಮೇಲೆ ಮೂರು ಬದಲಾವಣೆ ಮಾಡಿದೆವು. ಸೆನ್ಸರನ್ನು ನೆಟ್ಟಗೆ ಚುಚ್ಚುವುದು ಬಿಟ್ಟು, ಡ್ರಿಪ್ಪರ್ ಹತ್ತಿರ ಗುಂಡಿ ತೋಡಿ, ಪಕ್ಕದ ಗೋಡೆಗೆ ಅಡ್ಡಲಾಗಿ 20 ಸೆಂ.ಮೀ. ಆಳದಲ್ಲಿ ಕೂರಿಸಿದೆವು. ಸುತ್ತ ಅದೇ ಹೊಲದ ಮಣ್ಣನ್ನು ನೀರಲ್ಲಿ ಕಲಸಿ ಮೆತ್ತಿದೆವು. ಅಳತೆ ಒಂದೇ ತಾಸಿನಲ್ಲಿ ಧಡಕ್ಕನೆ ಬಿದ್ದರೆ ಅದನ್ನು "ಒಣ" ಎಂದು ಎಣಿಸದೆ "ಸೆನ್ಸರ್ ನೋಡಿ" ಎಂದು ಬರೆದಿಡುವಂತೆ ಕೋಡ್ ತಿದ್ದಿದೆವು. ಮಣ್ಣು ಅಷ್ಟು ಬೇಗ ಒಣಗಲ್ಲ, ಅಲ್ವಾ? ಇದರಿಂದ ತೊಂದರೆ ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ. ಕೆಂಪು ಮಣ್ಣಿನ ಕಡೆ ಮಾಡಿದ ಪ್ರಾಜೆಕ್ಟ್ ನೋಡಿ ನಮ್ಮ ಕಡೆ ಹಾಗೆಯೇ ಮಾಡಹೊರಟರೆ ಮೊದಲ ಪೆಟ್ಟು ಬೀಳುವುದು ಇಲ್ಲೇ.

ಕ್ಯಾಲಿಬ್ರೇಶನ್ ಹೊಲದ ಮಣ್ಣಿನಲ್ಲೇ ಆಗಬೇಕು

ಗಾಳಿಯಲ್ಲಿ ಒಂದು ಅಳತೆ, ನೀರಿನ ಲೋಟದಲ್ಲಿ ಒಂದು ಅಳತೆ, ನಡುವೆ ಒಂದು ಗೆರೆ. ಹೆಚ್ಚಿನವರು ಹೀಗೆ ಮಾಡಿ ಮುಗಿಸುತ್ತಾರೆ. ಡೆಮೊಗೆ ಸಾಕು, ಹೊಲಕ್ಕೆ ಸಾಲದು. ನಾವು ಸಿವಿಲ್ ವಿಭಾಗದ ಲ್ಯಾಬಿನಲ್ಲಿ ಹೊಲದ ಮಣ್ಣನ್ನು 105 ಡಿಗ್ರಿ ಓವನ್‌ನಲ್ಲಿ 24 ತಾಸು ಒಣಗಿಸಿ, ತೂಕ ಹಿಡಿದು, ಆ ಲೆಕ್ಕಕ್ಕೆ ಸೆನ್ಸರ್ ಅಳತೆಯನ್ನು ಹೊಂದಿಸಿದೆವು. ಅಧ್ಯಾಯ 5ರ ಗ್ರಾಫ್ ಇದರದ್ದೇ. ಇನ್ನೊಂದು ಮಾತು: ಈ ಅಗ್ಗದ ಸೆನ್ಸರುಗಳ ಅಂಚಿನಿಂದ ತೇವ ಬೋರ್ಡಿನೊಳಗೆ ಹೋಗುತ್ತದೆ. ಹೂಳುವ ಮೊದಲೇ ಅಂಚಿಗೂ ಮೇಲಿನ ಸರ್ಕ್ಯೂಟಿಗೂ ಎಪಾಕ್ಸಿ ಬಳಿಯಬೇಕು.

ಲ್ಯಾಬಿನಲ್ಲಿ ಕಾಡಿದ ಎರಡು ಸಂಗತಿ

ನೋಡ್ ನಡೆಸುವ ಇಎಸ್‌ಪಿ32 ಬೋರ್ಡಿನಲ್ಲಿ ವೈಫೈ ಚಾಲೂ ಇದ್ದಾಗ ಎಡಿಸಿ2ರ ಪಿನ್‌ಗಳಿಂದ ಅನಲಾಗ್ ಅಳತೆ ಓದಲು ಬರುವುದಿಲ್ಲ. ಸೆನ್ಸರನ್ನು GPIO25ರಿಂದ GPIO34ಕ್ಕೆ ಬದಲಿಸಿದ ಮೇಲೆ ಸರಿ ಹೋಯಿತು. ಇನ್ನೊಂದು, ಎಸ್ಎಂಎಸ್ ಕಳಿಸುವ SIM800L ಮಾಡ್ಯೂಲ್. ಅದು ನೆಟ್‌ವರ್ಕ್ ಹುಡುಕುವಾಗ 2 ಆಂಪಿಯರ್‌ವರೆಗೆ ಎಳೆಯುತ್ತದೆ, ವೋಲ್ಟೇಜ್ 3.4ರಿಂದ 4.4ರ ಒಳಗೇ ಇರಬೇಕು. ಯುಎಸ್‌ಬಿ ಕೇಬಲ್ ನಂಬಿಕೊಂಡರೆ ಸುಮ್ನೆ ರೀಸೆಟ್ ಆಗುತ್ತಲೇ ಇರುತ್ತದೆ. 18650 ಸೆಲ್‌ನಿಂದ ನೇರ ಕೊಟ್ಟು, ಪಕ್ಕದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆವು.

ಮೆಸೇಜ್ ಕನ್ನಡದಲ್ಲಿ, ಅದೂ ಹೊತ್ತಿಗೆ ಸರಿಯಾಗಿ

ಮೊದಲು ಇಂಗ್ಲಿಷ್ ಎಸ್ಎಂಎಸ್ ಕಳಿಸುತ್ತಿದ್ದೆವು. ಕಾಕಾ ಅದನ್ನು ಶಾಲೆಗೆ ಹೋಗುವ ಮೊಮ್ಮಗಳ ಕೈಲಿ ಓದಿಸುತ್ತಿದ್ದರು. ಕನ್ನಡಕ್ಕೆ ಬದಲಿಸಿದಾಗ ಗೊತ್ತಾಗಿದ್ದು: ಇಂಗ್ಲಿಷಿನಲ್ಲಿ ಒಂದು ಎಸ್ಎಂಎಸ್‌ಗೆ 160 ಅಕ್ಷರ ಸಿಕ್ಕರೆ ಕನ್ನಡದಲ್ಲಿ 70 ಮಾತ್ರ. ಒತ್ತಕ್ಷರ, ಗುಣಿತದ ಗುರುತು ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ. ಅದಕ್ಕೇ ಮೆಸೇಜ್ ಇಷ್ಟಕ್ಕೆ ಇಳಿಯಿತು: "ನೀರು ಬಿಡಿ. ಬೇರಿನ ಹತ್ತಿರ ತೇವ ಕಡಿಮೆ." ಮಾಡ್ಯೂಲಿಗೆ ಕೊಡಬೇಕಾದ ಆಜ್ಞೆಗಳು:

```
AT+CMGF=1
AT+CSCS="UCS2"
AT+CSMP=17,167,0,8
```

ಇದಾದ ಮೇಲೆ ಫೋನ್ ನಂಬರನ್ನೂ ಯುಸಿಎಸ್2 ಹೆಕ್ಸ್‌ನಲ್ಲೇ ಕೊಡಬೇಕು. ಇದನ್ನು ಮರೆತರೆ ಬರೀ ಎರರ್ ಬರುತ್ತದೆ.

ಭಾಷೆಗಿಂತ ಹೊತ್ತು ದೊಡ್ಡದು. ನಮ್ಮ ವ್ಯವಸ್ಥೆ ಬೆಳಿಗ್ಗೆ 8ಕ್ಕೆ ಮೆಸೇಜ್ ಕಳಿಸುತ್ತಿತ್ತು. ಆ ಊರಿನಲ್ಲಿ ಆ ವಾರ ಮೂರು ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಬೆಳಿಗ್ಗೆ ಬಂದ ಮೆಸೇಜ್ ರಾತ್ರಿ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಈಗ ಕರೆಂಟಿನ ಪಾಳಿ ಬದಲಾದರೆ ರೈತರೇ ಹೊತ್ತು ಬದಲಿಸಬಹುದು: ನೋಡ್‌ನ ನಂಬರಿಗೆ 1 ಅಥವಾ 2 ಎಂದು ಎಸ್ಎಂಎಸ್ ಮಾಡಿದರೆ ಸಾಕು. ಕಾಕಾ ಕೇಳಿದ್ದು ಇನ್ನೂ ಸುಲಭದ್ದು: "ಒಂದು ಮಿಸ್ ಕಾಲ್ ಕೊಟ್ರ ಸಾಕ್ರಿ." ನೀರು ಬಿಡುವ ಹೊತ್ತಿಗೆ ನೋಡ್ ಅವರ ಫೋನಿಗೆ ಮಿಸ್ ಕಾಲ್ ಕೊಡುವಂತೆ ಅದನ್ನೂ ಸೇರಿಸಿದೆವು. ಇಡೀ ಪ್ರಾಜೆಕ್ಟಿನಲ್ಲಿ ಅವರು ನಿಜಕ್ಕೂ ಬಳಸಿದ ಸೌಲಭ್ಯ ಆ ಮಿಸ್ ಕಾಲ್. ನಾವು ಜಾಸ್ತಿ ದುಡಿದದ್ದು ಡ್ಯಾಶ್‌ಬೋರ್ಡ್ ಮೇಲೆ. ಅದನ್ನು ನೋಡಿದವರು ನಾವು ಮತ್ತು ನಮ್ಮ ಗೈಡ್ ಮಾತ್ರ.

ಕಾಲೇಜಿನ ಕ್ಯಾಲೆಂಡರ್ ಬೇರೆ, ಬೆಳೆಯ ಕ್ಯಾಲೆಂಡರ್ ಬೇರೆ

ಇಲ್ಲಿ ತೊಗರಿ ಬಿತ್ತುವುದು ಜೂನ್‌-ಜುಲೈನಲ್ಲಿ, ರಾಶಿ ಡಿಸೆಂಬರ್‌-ಜನವರಿಯಲ್ಲಿ. ನಮ್ಮ ವಿಷಯಕ್ಕೆ ಒಪ್ಪಿಗೆ ಸಿಕ್ಕಾಗ ಹೊಲ ಆಗಲೇ ಹೂವಾಡುತ್ತಿತ್ತು. ಹೂವು ಮತ್ತು ಕಾಯಿ ಕಟ್ಟುವ ಹಂತದ ನೀರೇ ಇಲ್ಲಿ ಮುಖ್ಯ. ಅದರಲ್ಲಿ ಅರ್ಧ ಹಂತ ನಮ್ಮ ಕೈ ತಪ್ಪಿತು. 8ನೇ ಸೆಮಿಸ್ಟರಿನಲ್ಲಿ ಹೊಲ ಖಾಲಿ ಇತ್ತು, ಹಾಗಾಗಿ ಡಬ್ಬಿಯನ್ನು ಟೆರೇಸಿನ ಬಿಸಿಲಿಗಿಟ್ಟು ಪರೀಕ್ಷೆ ಮಾಡಿದೆವು. ಇಳುವರಿ ಹೆಚ್ಚಾಯಿತು ಎಂದು ಈ ವರದಿಯಲ್ಲಿ ಎಲ್ಲೂ ಹೇಳಿಲ್ಲ, ಹೇಳಲು ಬರುವುದೂ ಇಲ್ಲ. ಬೆಳೆಯ ಮೇಲೆ ಪ್ರಾಜೆಕ್ಟ್ ಮಾಡುವವರು 6ನೇ ಸೆಮಿಸ್ಟರ್ ಮುಗಿಯುವ ಮೊದಲೇ ವಿಷಯ ಗಟ್ಟಿ ಮಾಡಿಕೊಂಡು, ಬಿತ್ತನೆ ದಿನವೇ ನೋಡ್ ಹೂಳಬೇಕು. ಬೇಸಿಗೆ ಬಗ್ಗೆ ಒಂದು ಎಚ್ಚರಿಕೆ: ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ನಮ್ಮೂರ ಮೇ ಬಿಸಿಲಿಗೆ ಮುಚ್ಚಿದ ಡಬ್ಬಿಯ ಒಳಗೆ ಅದು ಸುಲಭವಾಗಿ ದಾಟುತ್ತದೆ. ಬಿಳಿ ಡಬ್ಬಿ, ಮೇಲೊಂದು ನೆರಳಿನ ತಗಡು, ಇವೆರಡೂ ಬೇಕೇ ಬೇಕು.

ತಂಡದ ಕೆಲಸ

ಹಾರ್ಡ್‌ವೇರ್, ಕೋಡ್, ವರದಿ ಎಂದು ಹಂಚಿಕೊಂಡಿದ್ದೆವು. ಹೊಲಕ್ಕೆ ಹೋಗುವುದು ಯಾರ ಪಾಲಿಗೂ ಬಂದಿರಲಿಲ್ಲ. ಅದನ್ನೂ ಒಂದು ಕೆಲಸ ಎಂದು ಮೊದಲೇ ಬರೆದಿಟ್ಟು, ಬಸ್ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸಬೇಕು.

7.2 ಮುಕ್ತಾಯದ ಪಟ್ಟಿ

☑ ಲ್ಯಾಬ್ ಸ್ಟೋರಿನಿಂದ ತಂದ ಮಲ್ಟಿಮೀಟರ್, ಬೆಸುಗೆ ಕಡ್ಡಿ, 3 ಬೋರ್ಡ್ ವಾಪಸ್. ನೋ ಡ್ಯೂಸ್ ಸಹಿ ಆಗಿದೆ.

☑ ಸಿವಿಲ್ ಲ್ಯಾಬಿನ ಓವನ್ ಟ್ರೇ ತೊಳೆದು ಕೊಟ್ಟಿದ್ದೇವೆ.

☑ 1 ಮತ್ತು 3ನೇ ನೋಡ್ ಹೊಲದಿಂದ ಕಿತ್ತು ತಂದಿದ್ದೇವೆ, ಗುಂಡಿ ಮುಚ್ಚಿದ್ದೇವೆ. 3ನೆಯದರ ಕೇಬಲ್ ಇಲಿ ಕಡಿದಿದೆ. ಡಬ್ಬಿಯ ಮೇಲೆ ಚೀಟಿ ಅಂಟಿಸಿದೆ.

☑ ಕೋಡಿನಲ್ಲಿದ್ದ ರೈತರ ಫೋನ್ ನಂಬರ್, ವೈಫೈ ಪಾಸ್‌ವರ್ಡ್ ತೆಗೆದಾಗಿದೆ. ಹಳೆಯ ಆವೃತ್ತಿಗಳಲ್ಲೂ ಉಳಿಯಬಾರದೆಂದು ಹೊಸ ಫೋಲ್ಡರ್ ಮಾಡಿ ವಿಭಾಗಕ್ಕೆ ಕೊಟ್ಟಿದ್ದೇವೆ. ಪಾಸ್‌ವರ್ಡನ್ನೂ ಬದಲಿಸಿದೆ.

☑ ಅಳತೆಗಳ ಸಿಎಸ್‌ವಿ ಫೈಲ್ ಜೊತೆ ಒಂದು ಪುಟದ ವಿವರಣೆ: ಯಾವ ಕಾಲಂ ಏನು, ಯಾವ ದಿನಗಳ ಅಳತೆ ಬಿರುಕಿನಿಂದ ಕೆಟ್ಟಿದೆ. ಕೆಟ್ಟ ಅಳತೆಗಳನ್ನು ಅಳಿಸಿಲ್ಲ, ಗುರುತು ಹಾಕಿದ್ದೇವೆ.

☑ ಉಬ್ಬಿದ 2 ಸೆಲ್ ಇ-ತ್ಯಾಜ್ಯದ ಡಬ್ಬಿಗೆ. ಕಸದ ಬುಟ್ಟಿಗೆ ಹಾಕಿಲ್ಲ.

☑ ಖರ್ಚಿನ ಬಿಲ್‌ಗಳು ಅನುಬಂಧದಲ್ಲಿ. ಬಸ್ ಟಿಕೆಟ್ ಕೆಲವು ಕಳೆದಿವೆ, ಆ ಮೊತ್ತವನ್ನು ತಂಡವೇ ಭರಿಸಿದೆ.

☑ ಗೈಡ್ ತಿದ್ದುಪಡಿ ಸೇರಿಸಿ ವರದಿಯ 4 ಪ್ರತಿ ಬೈಂಡ್ ಆಗಿವೆ. ಸಾಫ್ಟ್ ಕಾಪಿ ವಿಭಾಗದ ಕಚೇರಿಗೆ ಕೊಟ್ಟಾಗಿದೆ.

☐ ಫಲಿತಾಂಶವನ್ನು ಒಂದು ಪುಟದ ಕನ್ನಡದಲ್ಲಿ ಬರೆದು ರೈತರಿಗೆ ಕೊಡುವುದು. ಬರೆದಾಗಿದೆ, ವೈವಾ ಮುಗಿದ ಮೇಲೆ ಕೊಟ್ಟು ಬರುತ್ತೇವೆ.

☐ 2ನೇ ನೋಡ್ ಮುಂಗಾರಿಗೂ ಹೊಲದಲ್ಲೇ ಇರಲಿ ಎಂದು ಕಾಕಾ ಕೇಳಿದ್ದಾರೆ. ವಿಭಾಗದ ಮುಖ್ಯಸ್ಥರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಪತ್ರ ಬರಬೇಕು. ಜೂನಿಯರ್ ತಂಡದ ಇಬ್ಬರು ನೋಡಿಕೊಳ್ಳುತ್ತಾರೆ.

☐ ಆ ನೋಡ್‌ನ ಸಿಮ್ ಈಗ ನಮ್ಮ ತಂಡದವರ ಹೆಸರಿನಲ್ಲಿದೆ. ಅದನ್ನು ಬಂದ್ ಮಾಡಿಸಿ, ರೈತರ ಹೆಸರಿನಲ್ಲಿ ಬೇರೆ ಸಿಮ್ ತೆಗೆಸಬೇಕು. ಮಾಡ್ಯೂಲಿಗೆ 2ಜಿ ಇರುವ ಸಿಮ್ಮೇ ಆಗಬೇಕು, 4ಜಿ ಮಾತ್ರ ಇರುವುದು ನಡೆಯುವುದಿಲ್ಲ. ಹೊಸ ಸಿಮ್ ಹಾಕಿ, ಮಿಸ್ ಕಾಲ್ ಬರುತ್ತದೋ ಇಲ್ಲವೋ ನೋಡಿಯೇ ಈ ಸಾಲಿಗೆ ಗುರುತು ಹಾಕುವುದು.