ಯಾವ ಬಲ್ಬ್ ಉರಿಯುತ್ತದೆ, ಯಾವ ಸ್ವಿಚ್ ಲೆಕ್ಕಕ್ಕೆ ಬರುತ್ತದೆ? ಹತ್ತನೇ ತರಗತಿ ಅಭ್ಯಾಸ ಹಾಳೆ

ಎಲ್ಲ ಪ್ರಶ್ನೆಗಳಲ್ಲೂ 1.5 ವೋಲ್ಟಿನ ಎರಡು ಸೆಲ್ ಸರಣಿಯಲ್ಲಿವೆ, ಒಟ್ಟು 3 ವೋಲ್ಟ್. ಬಲ್ಬ್‌ಗಳೆಲ್ಲ ಒಂದೇ ಥರದವು. ತಂತಿಗೆ ರೋಧ ಇಲ್ಲ, ಬಲ್ಬಿನ ರೋಧ ಬದಲಾಗುವುದಿಲ್ಲ ಎಂದುಕೊಳ್ಳಿ.

ಮೊದಲು ಸೂತ್ರಕ್ಕೆ ಕೈ ಹಾಕಬೇಡಿ. ಚಿತ್ರ ಬರೆದುಕೊಂಡು, ಪೆನ್ಸಿಲ್ ತುದಿಯನ್ನು + ಹತ್ತಿರ ಇಟ್ಟು ತಂತಿಯ ಮೇಲೆ ಎಳೆಯುತ್ತಾ ಹೋಗಿ. ಆಫ್ ಇರುವ ಸ್ವಿಚ್ ದಾಟುವ ಹಾಗಿಲ್ಲ. − ತಲುಪಿದರೆ ದಾರಿಯಲ್ಲಿ ಸಿಕ್ಕ ಬಲ್ಬ್ ಉರಿಯುತ್ತದೆ. ನಾಲ್ಕನೇ ಪ್ರಶ್ನೆಯಲ್ಲಿ ಮಾತ್ರ ಇಷ್ಟೇ ಸಾಲದು, ಅಲ್ಲಿ ಸ್ವಲ್ಪ ನಿಂತು ಯೋಚಿಸಿ.

ಪ್ರಶ್ನೆ 1

(+) — ಸ್ವಿಚ್ ಕ — ಬಲ್ಬ್ 1 — ಬಲ್ಬ್ 2 — ಸ್ವಿಚ್ ಖ — (−)

ಕ ಆನ್, ಖ ಆಫ್. "ಖ ಇರುವುದು ಕೊನೆಯಲ್ಲಿ ಅಲ್ವಾ? ಅಲ್ಲಿಯವರೆಗೆ ಕರೆಂಟ್ ಬರುತ್ತೆ, ಎರಡೂ ಉರಿಯುತ್ತೆ" ಎನ್ನುತ್ತಾಳೆ ರೇಖಾ. ಸರಿಯೇ? ಕಾರಣ ಕೊಡಿ.

ಪ್ರಶ್ನೆ 2

(+) — ಸ್ವಿಚ್ ಕ — ಇಲ್ಲಿಂದ ಮೂರು ಕವಲು:
ಕವಲು 1: ಸ್ವಿಚ್ ಖ — ಬಲ್ಬ್ 1
ಕವಲು 2: ಸ್ವಿಚ್ ಗ — ಬಲ್ಬ್ 2
ಕವಲು 3: ಬಲ್ಬ್ 3
ಮೂರೂ ಮತ್ತೆ ಸೇರಿ — (−)

ಅ) ಕ, ಗ ಆನ್, ಖ ಆಫ್. ಯಾವ ಬಲ್ಬ್ ಉರಿಯುತ್ತದೆ?
ಆ) ಬಲ್ಬ್ 3 ಒಂದೇ ಉರಿಯಬೇಕು. ಸ್ವಿಚ್‌ಗಳು ಹೇಗಿರಬೇಕು?
ಇ) ಮೂರೂ ಸ್ವಿಚ್ ಆನ್ ಇದ್ದಾಗ ಬಲ್ಬ್ 2 ಅನ್ನು ಹೋಲ್ಡರ್‌ನಿಂದ ಬಿಚ್ಚಿದರೆ ಉಳಿದವು ಏನಾಗುತ್ತವೆ?

ಪ್ರಶ್ನೆ 3

(+) — ಬಲ್ಬ್ 1 — ಇಲ್ಲಿಂದ ಎರಡು ಕವಲು:
ಕವಲು 1: ಸ್ವಿಚ್ ಕ — ಬಲ್ಬ್ 2
ಕವಲು 2: ಬಲ್ಬ್ 3
ಎರಡೂ ಸೇರಿ — (−)

ಕ ಆಫ್ ಇದ್ದದ್ದು ಆನ್ ಆಯಿತು. ಬಲ್ಬ್ 1 ಮತ್ತು ಬಲ್ಬ್ 3ರ ಬೆಳಕು ಜಾಸ್ತಿ ಆಗುತ್ತದೆಯೋ, ಕಡಿಮೆ ಆಗುತ್ತದೆಯೋ?

ಪ್ರಶ್ನೆ 4

(+) — ಬಲ್ಬ್ 1 — ಬಲ್ಬ್ 2 — (−)
ಬಲ್ಬ್ 2ರ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇರೊಂದು ತಂತಿ, ಅದರಲ್ಲಿ ಸ್ವಿಚ್ ಕ.

ಕ ಆನ್ ಮಾಡಿದರೆ ಯಾವ ಬಲ್ಬ್ ಉರಿಯುತ್ತದೆ?

ಪ್ರಶ್ನೆ 5

ಮೆಟ್ಟಿಲಿನ ಲೈಟಿಗೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತದೆ. ಎರಡರ ನಡುವೆ ಕೆಂಪು, ಹಳದಿ ಎಂದು ಎರಡು ತಂತಿ. ಪ್ರತಿ ಸ್ವಿಚ್ ಸದಾ ಯಾವುದಾದರೂ ಒಂದು ತಂತಿಗೆ ತಾಗಿರುತ್ತದೆ. ಒತ್ತಿದರೆ ಇನ್ನೊಂದಕ್ಕೆ ಹೊರಳುತ್ತದೆ. ಈಗ ಕೆಳಗಿನದು ಕೆಂಪಿಗೆ, ಮೇಲಿನದು ಹಳದಿಗೆ ತಾಗಿದೆ.

ಅ) ಲೈಟ್ ಉರಿಯುತ್ತಿದೆಯೇ?
ಆ) ಕೆಳಗೆ ಅಜ್ಜಿ, ಮೇಲೆ ಮೊಮ್ಮಗ ಒಂದೇ ಸಲ ಒತ್ತಿದರೆ?

ಉತ್ತರಗಳು (ಬರೆದಾದ ಮೇಲೆ ನೋಡಿ)

1. ತಪ್ಪು. ಒಂದೂ ಉರಿಯುವುದಿಲ್ಲ. ಕರೆಂಟ್ ಒಂದು ತುದಿಯಿಂದ ಹೊರಟು, ದಾರಿಯಲ್ಲಿ ಸಿಕ್ಕಿದ್ದನ್ನು ಉರಿಸಿ, ಕೊನೆಯಲ್ಲಿ ನಿಲ್ಲುವಂಥದ್ದಲ್ಲ. ಸುತ್ತು ಪೂರ್ತಿಯಾಗಿದ್ದರೆ ಎಲ್ಲ ಕಡೆ ಹರಿಯುತ್ತದೆ, ಇಲ್ಲದಿದ್ದರೆ ಎಲ್ಲೂ ಇಲ್ಲ. ಸರಣಿಯಲ್ಲಿ ಸ್ವಿಚ್ ಎಲ್ಲಿದ್ದರೂ ಒಂದೇ.

2. ಅ) ಬಲ್ಬ್ 2 ಮತ್ತು 3. ಆ) ಕ ಆನ್, ಖ ಮತ್ತು ಗ ಆಫ್. ಇ) 1 ಮತ್ತು 3 ಮೊದಲಿನಷ್ಟೇ ಬೆಳಕು ಕೊಡುತ್ತವೆ. ಪ್ರತಿ ಕವಲಿಗೂ ಪೂರ್ತಿ 3 ವೋಲ್ಟ್ ಸಿಗುತ್ತದೆ.

3. ಕ ಆಫ್ ಇದ್ದಾಗ ಬಲ್ಬ್ 1 ಮತ್ತು 3 ಸರಣಿಯಲ್ಲಿವೆ, ತಲಾ 1.5 ವೋಲ್ಟ್. ಆನ್ ಮಾಡಿದಾಗ 2 ಮತ್ತು 3 ಸಮಾಂತರವಾಗುತ್ತವೆ. ಒಂದು ಬಲ್ಬಿನ ರೋಧ R ಆದರೆ ಇವೆರಡರದು ಸೇರಿ R/2. ಹಾಗಾಗಿ ಬಲ್ಬ್ 1ಕ್ಕೆ 2 ವೋಲ್ಟ್, ಕವಲುಗಳಿಗೆ 1 ವೋಲ್ಟ್. ಬಲ್ಬ್ 1ರ ಬೆಳಕು ಜಾಸ್ತಿ, 3ರದು ಕಡಿಮೆ. ಬಲ್ಬ್ 3ರ ಕವಲಿನಲ್ಲಿ ಸ್ವಿಚ್ಚೇ ಇಲ್ಲ, ಆದರೂ ಕ ಅದನ್ನು ಮಂಕು ಮಾಡಿತು! ಬರೀ "ಉರಿಯುತ್ತದೆ" ಎಂದು ಬರೆದವರಿಗೆ ಅರ್ಧ ಅಂಕ ಮಾತ್ರ.

4. ಬಲ್ಬ್ 1 ಒಂದೇ, ಅದೂ ಮೊದಲಿಗಿಂತ ಜೋರಾಗಿ. ಪೆನ್ಸಿಲ್ ಎಳೆದರೆ ಬಲ್ಬ್ 2ರ ದಾರಿಯೂ ಪೂರ್ತಿಯಾಗುತ್ತದೆ, ನಿಜ. ಆದರೆ ಪಕ್ಕದಲ್ಲೇ ರೋಧವಿಲ್ಲದ ತಂತಿ ಇದೆ, ಕರೆಂಟೆಲ್ಲ ಅದರಲ್ಲೇ ಹೋಗುತ್ತದೆ. ಬಲ್ಬ್ 2ರ ಎರಡು ತುದಿಗಳ ನಡುವೆ ವೋಲ್ಟೇಜ್ ಸೊನ್ನೆ. ಸ್ವಿಚ್ ಆನ್ ಮಾಡಿದ್ದಕ್ಕೇ ಬಲ್ಬ್ ಆರಿತು! ಪೂರ್ತಿ 3 ವೋಲ್ಟ್ ಬಲ್ಬ್ 1ಕ್ಕೆ ಬರುತ್ತದೆ. ಇದೇ ತಂತಿಯನ್ನು ಎರಡೂ ಬಲ್ಬ್‌ಗಳನ್ನು ದಾಟಿಸಿ ಕಟ್ಟಿದರೆ ಶಾರ್ಟ್ ಸರ್ಕ್ಯೂಟ್. ಸೆಲ್, ತಂತಿ ಎರಡೂ ಬಿಸಿಯಾಗುತ್ತವೆ. ಅದನ್ನು ಮಾಡಿ ನೋಡಬೇಡಿ.

5. ಅ) ಇಲ್ಲ. ಎರಡೂ ಸ್ವಿಚ್ ಒಂದೇ ತಂತಿಗೆ ತಾಗಿದ್ದರೆ ಮಾತ್ರ ಸುತ್ತು ಪೂರ್ತಿ. ಆ) ಈಗ ಕೆಳಗಿನದು ಹಳದಿಗೆ, ಮೇಲಿನದು ಕೆಂಪಿಗೆ. ಲೈಟ್ ಆರಿಯೇ ಇರುತ್ತದೆ. ಇಬ್ಬರಲ್ಲಿ ಒಬ್ಬರು ಮಾತ್ರ ಇನ್ನೊಮ್ಮೆ ಒತ್ತಿದರೆ ಉರಿಯುತ್ತದೆ, ಯಾರು ಒತ್ತಿದರೂ ಸರಿ. ಮನೆಯ ಸ್ವಿಚ್ ಒತ್ತಿ ನೋಡಿ, ಆದರೆ ಬಿಚ್ಚಬೇಡಿ. ಅಲ್ಲಿರುವುದು 230 ವೋಲ್ಟ್.